ರೂಪಣಾತ್ಮಕ ಹಿಮ್ಮಾಹಿತಿ: ಎಂ.ಎಡ್. ಸಾಹಿತ್ಯ ಸಮೀಕ್ಷೆಗೊಂದು ಪದ ಪರಿಚಯ

ಬೆಂಗಳೂರಿನ ಎಂ.ಎಡ್. ತರಗತಿಗಳಲ್ಲಿ ಹಿಮ್ಮಾಹಿತಿ ಮತ್ತು ಅಭಿಪ್ರೇರಣೆಯ ಸಂಬಂಧ ಪ್ರಬಂಧಕ್ಕೆ ಮೆಚ್ಚಿನ ವಿಷಯ. ಆದರೆ ಸಾಹಿತ್ಯ ಸಮೀಕ್ಷೆ ಶುರುವಾಗುವಾಗಲೇ ಒಂದು ತೊಡಕು ಎದುರಾಗುತ್ತದೆ. ನಮ್ಮ ಶಾಲೆಗಳಲ್ಲಿ ‘ರೂಪಣಾತ್ಮಕ’ ಎಂದೊಡನೆ ನೆನಪಾಗುವುದು ಎಫ್.ಎ.-1ರಿಂದ ಎಫ್.ಎ.-4ರವರೆಗಿನ ಕಿರುಪರೀಕ್ಷೆಗಳು. ಅವುಗಳ ಅಂಕಗಳು ವರ್ಷದ ಫಲಿತಾಂಶಕ್ಕೆ ಸೇರುತ್ತವೆ. ಸಂಶೋಧನೆಯಲ್ಲಿ ಈ ಪದದ ಅರ್ಥ ಬೇರೆ. ಪರೀಕ್ಷೆ ಯಾವಾಗ ನಡೆಯಿತು ಎಂಬುದು ಅಲ್ಲಿ ಮುಖ್ಯವಲ್ಲ. ಅದರಿಂದ ಸಿಕ್ಕ ಮಾಹಿತಿಯನ್ನು ವಿದ್ಯಾರ್ಥಿ ಬಳಸಿದನೇ ಎಂಬುದು ಮುಖ್ಯ. ಈಗ ಎಲ್ಲಿದ್ದೇನೆ, ಎಲ್ಲಿಗೆ ತಲುಪಬೇಕು, ನಡುವಿನ ಅಂತರವನ್ನು ಹೇಗೆ ತುಂಬಬೇಕು ಎಂಬ ಮೂರೂ ವಿದ್ಯಾರ್ಥಿಗೆ ಗೊತ್ತಾಗಬೇಕು ಎಂದು ಸ್ಯಾಡ್ಲರ್ 1989ರಲ್ಲಿ ವಾದಿಸಿದರು. ಅಂತರ ತುಂಬುವ ಕೆಲಸಕ್ಕೆ ಬಾರದ ಷರಾ ಎಷ್ಟೇ ಉದ್ದವಿದ್ದರೂ ಈ ಅರ್ಥದಲ್ಲಿ ಹಿಮ್ಮಾಹಿತಿಯಲ್ಲ.

ಒಂದು ನೋಟ್‌ಬುಕ್ಕನ್ನೇ ಬಿಡಿಸಿ ನೋಡೋಣ. ಬನಶಂಕರಿ ಕಡೆಯ ಒಂದು ಶಾಲೆಯ ಏಳನೆಯ ತರಗತಿಯ ಹುಡುಗಿ 2/3 + 1/4 = 3/7 ಎಂದು ಬರೆದಿದ್ದಾಳೆ ಎಂದುಕೊಳ್ಳಿ. ಒಬ್ಬ ಶಿಕ್ಷಕಿ ಕೆಂಪು ಶಾಯಿಯಲ್ಲಿ ‘4/10’ ಎಂದು ಬರೆದು ಮುಂದಿನ ಪುಸ್ತಕ ತೆಗೆಯುತ್ತಾರೆ. ಇನ್ನೊಬ್ಬರು ‘ನೀನು ಜಾಣೆ, ಗಮನ ಕೊಡು’ ಎನ್ನುತ್ತಾರೆ. ಮೂರನೆಯವರು ಹೀಗೆ ಬರೆಯುತ್ತಾರೆ: ‘ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದ್ದೀಯ. 2/3 ಅರ್ಧಕ್ಕಿಂತ ಹೆಚ್ಚು, ನಿನ್ನ ಉತ್ತರ ಅರ್ಧಕ್ಕಿಂತ ಕಡಿಮೆ. ಕೂಡಿಸಿದ ಮೇಲೆ ಕಡಿಮೆಯಾಗುವುದು ಸಾಧ್ಯವೇ? ಛೇದವನ್ನು 12 ಮಾಡಿಕೊಂಡು ಮತ್ತೆ ಮಾಡು.’ ಮೊದಲ ಷರಾ ಅವಳ ಸ್ಥಾನವನ್ನು ಹೇಳುತ್ತದೆ. ಎರಡನೆಯದು ಅವಳ ವ್ಯಕ್ತಿತ್ವವನ್ನು ಮುಟ್ಟುತ್ತದೆಯೇ ಹೊರತು ಲೆಕ್ಕದ ತಂಟೆಗೇ ಹೋಗುವುದಿಲ್ಲ. ಮೂರನೆಯದು ಮಾತ್ರ ಲೆಕ್ಕದೊಳಗೆ ಕೈಹಾಕಿ, 11/12ರ ದಾರಿ ತೋರಿಸಿ, ಉತ್ತರವನ್ನು ಅವಳಿಗೇ ಬಿಡುತ್ತದೆ. ಹ್ಯಾಟಿ ಮತ್ತು ಟಿಂಪರ್ಲಿ 2007ರಲ್ಲಿ ಮಾಡಿದ ವಿಂಗಡಣೆಯಲ್ಲೂ, ವ್ಯಕ್ತಿಯನ್ನು ಕುರಿತ ಹೊಗಳಿಕೆ ಕಲಿಕೆಗೆ ಅತಿ ಕಡಿಮೆ ಒದಗುವ ಬಗೆ.

ಅಭಿಪ್ರೇರಣೆಯ ವಿಷಯಕ್ಕೆ ಬಂದರೆ ಎಲ್ಲರೂ ಮೊದಲು ಎತ್ತಿಕೊಳ್ಳುವುದು ರೂತ್ ಬಟ್ಲರ್ ಅವರ 1988ರ ಪ್ರಯೋಗ. ಇಸ್ರೇಲಿನ ಐದು ಮತ್ತು ಆರನೆಯ ತರಗತಿಯ ಮಕ್ಕಳಲ್ಲಿ ಕೆಲವರಿಗೆ ಷರಾ ಮಾತ್ರ, ಕೆಲವರಿಗೆ ಅಂಕ ಮಾತ್ರ, ಉಳಿದವರಿಗೆ ಎರಡೂ ದೊರೆತವು. ಷರಾ ಮಾತ್ರ ಪಡೆದವರಲ್ಲಿ ಆಸಕ್ತಿಯೂ ಸಾಧನೆಯೂ ಹೆಚ್ಚಾಗಿ ಕಂಡವು. ಎರಡೂ ಪಡೆದವರಿಗೆ ಆ ಲಾಭ ದಕ್ಕಲಿಲ್ಲ. ಅಂಕ ಕಂಡ ಮಗು ತನ್ನನ್ನು ಪಕ್ಕದವರೊಡನೆ ಹೋಲಿಸಿಕೊಳ್ಳುತ್ತದೆ, ಗಮನ ಕೆಲಸದಿಂದ ತನ್ನ ಮೇಲೆ ತಿರುಗುತ್ತದೆ ಎಂಬುದು ಬಟ್ಲರ್ ಅವರ ವಿವರಣೆ. ಇಷ್ಟನ್ನು ಬರೆದು ‘ಆದ್ದರಿಂದ ಅಂಕ ಬೇಡ’ ಎಂದು ತೀರ್ಪು ಕೊಟ್ಟರೆ ಸಮೀಕ್ಷೆ ದುರ್ಬಲವಾಗುತ್ತದೆ. ಅದು ಅಲ್ಪಾವಧಿಯ ಪ್ರಯೋಗ. ಮಕ್ಕಳಿಗೆ ಕೊಟ್ಟಿದ್ದು ಬಿಡಿ ಚಟುವಟಿಕೆಗಳನ್ನು, ವರ್ಷದ ಫಲಿತಾಂಶ ನಿರ್ಧರಿಸುವ ಪರೀಕ್ಷೆಯನ್ನಲ್ಲ. ಚೆನ್ನಾಗಿ ಓದುವ ಮಕ್ಕಳ ಆಸಕ್ತಿ ಅಂಕ ಸಿಕ್ಕಿದರೂ ಕುಗ್ಗಲಿಲ್ಲ ಎಂಬ ಅಂಶವೂ ಅಲ್ಲೇ ಇದೆ. ಅದನ್ನು ಬಿಟ್ಟುಬಿಡುವವರೇ ಹೆಚ್ಚು.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಕ್ಲೂಗರ್ ಮತ್ತು ಡೆನಿಸಿ 1996ರಲ್ಲಿ ನೂರಾರು ಪರಿಣಾಮಗಳನ್ನು ಒಟ್ಟುಗೂಡಿಸಿ, ಹಿಮ್ಮಾಹಿತಿ ಸರಾಸರಿಯಲ್ಲಿ ಒಳಿತು ಮಾಡಿದರೂ ಮೂರನೆಯ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಸಾಧನೆಯನ್ನು ತಗ್ಗಿಸಿತೆಂದು ತೋರಿಸಿದರು. ಇದನ್ನು ‘ಅಭಿಪ್ರೇರಣೆ ಕುಗ್ಗಿತು’ ಎಂದು ಬರೆಯಬಾರದು. ಅವರು ಒಟ್ಟುಗೂಡಿಸಿದ್ದು ಸಾಧನೆಯ ಅಳತೆಗಳನ್ನು. ಗಮನ ವ್ಯಕ್ತಿಯತ್ತ ಹೊರಳಿದಷ್ಟೂ ಹಿಮ್ಮಾಹಿತಿಯ ಫಲ ಕಡಿಮೆಯಾಗುತ್ತದೆ ಎಂಬುದು ಅವರ ಸಿದ್ಧಾಂತ; ಅದು ಬಟ್ಲರ್ ಅವರ ವಿವರಣೆಗೆ ಹತ್ತಿರ. ಹತ್ತಿರವೆಂದ ಮಾತ್ರಕ್ಕೆ ಎರಡರ ಪುರಾವೆ ಒಂದೇ ಆಗದು. ಅಭಿಪ್ರೇರಣೆಯನ್ನು ಬೇರೆಯಾಗಿ ಲೆಕ್ಕ ಹಾಕಿದ ಸಮೀಕ್ಷೆ ಬೇಕಿದ್ದರೆ ವಿಸ್ನಿಯೆವ್ಸ್ಕಿ, ತ್ಸೀರರ್ ಮತ್ತು ಹ್ಯಾಟಿ ಅವರ 2020ರ ಲೇಖನವನ್ನು ಓದಬೇಕು. 435 ಅಧ್ಯಯನಗಳನ್ನು ಆಧರಿಸಿದ ಆ ಲೆಕ್ಕದಲ್ಲಿ ಹಿಮ್ಮಾಹಿತಿಯ ಪ್ರಭಾವ ಜ್ಞಾನ ಮತ್ತು ಕೌಶಲಗಳ ಮೇಲೆ ಹೆಚ್ಚು, ಅಭಿಪ್ರೇರಣೆಯ ಮೇಲೆ ಕಡಿಮೆ.

ಹಾಗಾಗಿ ಟಿಪ್ಪಣಿ ಕೋಷ್ಟಕದಲ್ಲಿ ಲೇಖಕ, ವರ್ಷ, ಮಾದರಿಯ ಗಾತ್ರ ಇಷ್ಟೇ ಇದ್ದರೆ ಸಾಲದು. ಪ್ರತಿ ಅಧ್ಯಯನದ ಎದುರು ಷರಾ ಯಾವುದರತ್ತ ಗಮನ ಸೆಳೆಯಿತು, ತಿದ್ದಿ ಬರೆಯಲು ಸಮಯ ಸಿಕ್ಕಿತೇ, ಅಭಿಪ್ರೇರಣೆಯನ್ನು ಯಾವುದರಿಂದ ಅಳೆದರು ಎಂದೂ ಬರೆದುಕೊಳ್ಳಿ. ‘ನನಗೆ ಗಣಿತ ಇಷ್ಟ’ ಎಂದು ಪ್ರಶ್ನಾವಳಿಯಲ್ಲಿ ಗುರುತು ಹಾಕುವುದೂ, ಬಿಡುವಿನ ವೇಳೆಯಲ್ಲಿ ತಾನಾಗಿ ಇನ್ನೊಂದು ಲೆಕ್ಕ ಎತ್ತಿಕೊಳ್ಳುವುದೂ ಒಂದೇ ಅಲ್ಲ. ಎರಡು ಅಧ್ಯಯನಗಳ ಫಲಿತಾಂಶ ಪರಸ್ಪರ ವಿರುದ್ಧವಾಗಿ ಕಂಡಾಗ ಮೊದಲು ಈ ಅಂಕಣಗಳನ್ನೇ ನೋಡಿ. ವಿರೋಧಕ್ಕೆ ಕಾರಣ ಅಳತೆಯ ವ್ಯತ್ಯಾಸವೂ ಆಗಿರಬಹುದು.