ಪದ ಪರಿಚಯ: ಸ್ಕೀಮ್ (ರೆಕಾರ್ಡ್ ಆದ ಪಾಠದಿಂದ ಕಿರು ಉತ್ತರದ ಪ್ರಶ್ನೆ ತೆಗೆಯುವಾಗ)

ಪರೀಕ್ಷೆ ಮುಗಿದ ಮೇಲೆ ಮೌಲ್ಯಮಾಪನ ಕೇಂದ್ರದಲ್ಲಿ ಮೇಷ್ಟ್ರುಗಳ ಕೈಯಲ್ಲಿ ಒಂದು ಕಾಗದ ಇರುತ್ತದೆ. ಪ್ರತಿ ಪ್ರಶ್ನೆಗೆ ಉತ್ತರದಲ್ಲಿ ಯಾವ ಯಾವ ಅಂಶ ಇರಬೇಕು, ಯಾವುದಕ್ಕೆ ಎಷ್ಟು ಅಂಕ ಎಂದು ಅದರಲ್ಲಿ ಬರೆದಿರುತ್ತದೆ. ಪಕ್ಕದಲ್ಲಿ ½ + ½ ಎಂದೋ, 1 + 1 ಎಂದೋ ಕಾಣುತ್ತದೆ. ಇದಕ್ಕೇ ಸ್ಕೀಮ್ ಎನ್ನುವುದು. ಪೂರ್ತಿ ಹೆಸರು ಸ್ಕೀಮ್ ಆಫ್ ವ್ಯಾಲ್ಯುಯೇಷನ್. ಅದರೊಳಗಿನ ಒಂದೊಂದು ಅಂಶಕ್ಕೆ ಬಾಯಿಮಾತಿನಲ್ಲಿ ಪಾಯಿಂಟ್ ಅಂತೀವಿ.

ಸ್ಕೀಮ್ ಮತ್ತು ಮಾದರಿ ಉತ್ತರ ಒಂದೇ ಅಲ್ಲ. ಮಾದರಿ ಉತ್ತರ ಒಬ್ಬರು ಚೆನ್ನಾಗಿ ಬರೆದ ಒಂದು ಉತ್ತರ. ಸ್ಕೀಮ್ ಹಾಗಲ್ಲ, ನೂರು ಮಕ್ಕಳು ನೂರು ಥರ ಬರೆದರೂ ಅಷ್ಟನ್ನೂ ಅಳೆಯಲು ಬರಬೇಕು.

ಈಗ ಕಾಲೇಜುಗಳಲ್ಲಿ ಪಾಠ ರೆಕಾರ್ಡ್ ಮಾಡುವುದು ಜಾಸ್ತಿ ಆಗಿದೆ. ವಿಡಿಯೋ ಜೊತೆಗೆ ಮಾತಿನ ಬರಹ, ಅಂದರೆ ಟ್ರಾನ್ಸ್‌ಕ್ರಿಪ್ಟ್ ಕೂಡ ಸಿಗುತ್ತದೆ. ಅದರಿಂದ ಎರಡು ಮೂರು ಅಂಕದ ಪ್ರಶ್ನೆ ತೆಗೆಯುವುದು ಸುಲಭ ಅನ್ನಿಸುತ್ತದೆ. ಒಂದು ವಾಕ್ಯ ಹಿಡಿದು ಅದರ ಹಿಂದೆ 'ಏಕೆ' ಅಂತ ಸೇರಿಸಿದರೆ ಪ್ರಶ್ನೆ ಬಂತು ಅಲ್ವಾ? ಪ್ರಶ್ನೆಯೇನೋ ಬರುತ್ತದೆ, ಸ್ಕೀಮ್ ಬರುವುದಿಲ್ಲ. ನನ್ನ ಪ್ರಕಾರ ಕೆಲಸವನ್ನು ತಿರುಗಿಸಿ ಮಾಡಬೇಕು. ಮೊದಲು ಪಾಯಿಂಟ್ ಬರೆಯಬೇಕು, ಆಮೇಲೆ ಆ ಪಾಯಿಂಟ್‌ಗಳನ್ನು ಕೇಳುವ ಪ್ರಶ್ನೆ ಬರೆಯಬೇಕು. ಯಾಕೆ ಅನ್ನುವುದನ್ನು ಪಿಯುಸಿ ಜೀವಶಾಸ್ತ್ರದ ಒಂದು ತುಂಡು ಇಟ್ಟುಕೊಂಡು ತೋರಿಸುತ್ತೇನೆ. ವಿಷಯ, ತಾಯಿ ಮತ್ತು ಮಗುವಿನ ನಡುವೆ ಆರ್‌ಎಚ್ ರಕ್ತದ ಗುಂಪು ಹೊಂದದೆ ಇರುವುದು.

ಟ್ರಾನ್ಸ್‌ಕ್ರಿಪ್ಟ್ ಹೆಚ್ಚುಕಡಿಮೆ ಹೀಗಿರುತ್ತದೆ:

"12:40. ಈಗ ಅಮ್ಮ ಆರ್‌ಎಚ್ ನೆಗೆಟಿವ್, ಮಗು ಪಾಸಿಟಿವ್, ಓಕೆನಾ? ಮೊದಲನೇ ಸಲ ಏನೂ ಆಗಲ್ಲ. ಯಾಕೆ? ಪ್ಲಸೆಂಟಾ ಇದೆ, ಎರಡು ರಕ್ತ ಸೇರೋ ಹಾಗಿಲ್ಲ. ಆದ್ರೆ ಡೆಲಿವರಿ ಟೈಮಲ್ಲಿ ಸ್ವಲ್ಪ ಇದು ಇಲ್ಲಿಗೆ ಹೋಗ್ಬಿಡುತ್ತೆ. ಹೋದ್ರೆ ಇವಳ ಬಾಡಿ ಆಂಟಿಜೆನ್, ಸಾರಿ, ಆಂಟಿಬಾಡಿ ಮಾಡೋಕೆ ಶುರು ಮಾಡುತ್ತೆ. ಇದು ಎಕ್ಸಾಮ್‌ಗೆ ಬರುತ್ತೆ, ನೋಡ್ಕೊಳ್ಳಿ. ಎರಡನೇ ಮಗುನೂ ಪಾಸಿಟಿವ್ ಆದ್ರೆ ಅದು ಒಳಗೆ ಹೋಗಿ ಅದರದ್ದನ್ನ ಹೊಡೆದು ಹಾಕುತ್ತೆ."

ತರಗತಿಯಲ್ಲಿ ಕೂತು ಕೇಳಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಬರಹವಾಗಿ ಓದಿದರೆ ತೂತುಗಳು ಕಾಣುತ್ತವೆ. 'ಇದು ಇಲ್ಲಿಗೆ' ಅಂದಾಗ ಮೇಷ್ಟ್ರ ಬೆರಳು ಬೋರ್ಡಿನ ಮೇಲಿತ್ತು. 'ಅದರದ್ದನ್ನ' ಅಂದರೆ ಯಾವುದನ್ನ? ಇನ್ನು 'ಆಂಟಿಜೆನ್, ಸಾರಿ' ಎಂಬಲ್ಲಿ ತಿದ್ದುಪಡಿ ಬಾಯಲ್ಲೇ ಆಗಿದೆ. ತಾನಾಗಿ ಮೂಡುವ ಬರಹದಲ್ಲಿ ಆ 'ಸಾರಿ' ಬಿಟ್ಟುಹೋದರೆ ತಪ್ಪು ಪದ ಸರಿಯಾದ ಪದದ ಪಕ್ಕದಲ್ಲೇ ಕೂತುಬಿಡುತ್ತದೆ. 'ಆಗಲ್ಲ' ಎಂಬುದು 'ಆಗುತ್ತೆ' ಎಂದು ಬಿದ್ದರೆ ಅರ್ಥವೇ ಉಲ್ಟಾ. ಹಾಗಾಗಿ ಕಾರಣ ಹೇಳುವ ವಾಕ್ಯಗಳನ್ನು, 'ಅಲ್ಲ', 'ಇಲ್ಲ' ಬರುವ ವಾಕ್ಯಗಳನ್ನು ವಿಡಿಯೋದಲ್ಲಿ ಇನ್ನೊಮ್ಮೆ ಕೇಳಲೇಬೇಕು. ಉಳಿದದ್ದನ್ನು ಓದಿದರೆ ಸಾಕು.

ಆಮೇಲೆ 'ಇದು', 'ಅದು' ಇರುವ ಕಡೆಯೆಲ್ಲ ಹೆಸರು ತುಂಬಬೇಕು. ಹೆರಿಗೆಯ ವೇಳೆ ಮಗುವಿನ ಕೆಂಪು ರಕ್ತಕಣಗಳು ತಾಯಿಯ ರಕ್ತಕ್ಕೆ ಸೇರುತ್ತವೆ. ತಾಯಿಯ ದೇಹ ಆರ್‌ಎಚ್ ವಿರುದ್ಧ ಆಂಟಿಬಾಡಿ ಮಾಡುತ್ತದೆ. ಮುಂದಿನ ಬಸಿರಿನಲ್ಲಿ ಆ ಆಂಟಿಬಾಡಿ ಪ್ಲಸೆಂಟಾ ದಾಟಿ ಮಗುವಿನ ಕೆಂಪು ಕಣಗಳನ್ನು ಒಡೆಯುತ್ತದೆ. ಯಾವುದು ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದು ಈಗ ಸ್ಪಷ್ಟ. ಈ ವಿಷಯದಲ್ಲಿ ಮಕ್ಕಳು ಎಡವುವುದು ಈ ದಿಕ್ಕಿನಲ್ಲೇ. ಆದ್ದರಿಂದ ಅಂಕವೂ ಅಲ್ಲೇ ಇರಬೇಕು.

ಈಗ ಪಾಯಿಂಟ್. ಒಂದು ಪಾಯಿಂಟ್‌ನಲ್ಲಿ ಒಂದೇ ಸಂಗತಿ ಇರಬೇಕು. ಬೇರೆ ಪಾಯಿಂಟ್ ಬರೆಯದಿದ್ದರೂ ಇದೊಂದಕ್ಕೆ ಅಂಕ ಕೊಡಲು ಆಗಬೇಕು. ಮೇಲಿನ ತುಂಡಿನಿಂದ ಹೀಗೆ ಬರುತ್ತದೆ:

ಮೊದಲ ಬಸಿರಿನಲ್ಲಿ ಪ್ಲಸೆಂಟಾ ಇರುವುದರಿಂದ ತಾಯಿ ಮತ್ತು ಮಗುವಿನ ರಕ್ತ ಬೆರೆಯುವುದಿಲ್ಲ: 1
ಹೆರಿಗೆಯಲ್ಲಿ ಮಗುವಿನ ಕೆಂಪು ಕಣ ತಾಯಿಯ ರಕ್ತಕ್ಕೆ ಸೇರುತ್ತದೆ: ½
ತಾಯಿಯ ದೇಹ ಆರ್‌ಎಚ್ ವಿರುದ್ಧ ಆಂಟಿಬಾಡಿ ಮಾಡುತ್ತದೆ: ½
ಮುಂದಿನ ಬಸಿರಿನಲ್ಲಿ ಈ ಆಂಟಿಬಾಡಿ ಮಗುವಿನ ರಕ್ತಕ್ಕೆ ಹೋಗುತ್ತದೆ: ½
ಮಗುವಿನ ಕೆಂಪು ಕಣಗಳನ್ನು ನಾಶ ಮಾಡುತ್ತದೆ: ½

ಒಟ್ಟು 3. ಇದು ಕೈಯಲ್ಲಿದ್ದಾಗ ಪ್ರಶ್ನೆ ತಾನಾಗಿ ಆಕಾರ ಪಡೆಯುತ್ತದೆ: "ಆರ್‌ಎಚ್ ನೆಗೆಟಿವ್ ತಾಯಿಗೆ ಹುಟ್ಟುವ ಮೊದಲ ಆರ್‌ಎಚ್ ಪಾಸಿಟಿವ್ ಮಗುವಿಗೆ ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲ, ಎರಡನೆಯ ಪಾಸಿಟಿವ್ ಮಗುವಿಗೆ ಆಗಬಹುದು. ಕಾರಣ ಕೊಡಿ."

ಇದರ ಬದಲು "ಆರ್‌ಎಚ್ ಹೊಂದಾಣಿಕೆಯ ಬಗ್ಗೆ ಬರೆಯಿರಿ" ಎಂದು ಕೇಳಿದ್ದರೆ? ಹುಡುಗಿಯೊಬ್ಬಳು ಆರ್‌ಎಚ್ ಎಂಬ ಹೆಸರು ರೀಸಸ್ ಕೋತಿಯಿಂದ ಬಂತು ಎಂದು ಬರೆಯುತ್ತಾಳೆ. ಇನ್ನೊಬ್ಬ ರಕ್ತ ಕೊಡುವಾಗ ಗುಂಪು ನೋಡಬೇಕು ಎಂದು ಬರೆಯುತ್ತಾನೆ. ಎರಡೂ ನಿಜ, ಎರಡಕ್ಕೂ ಸ್ಕೀಮ್‌ನಲ್ಲಿ ಜಾಗ ಇಲ್ಲ. ಕೇಳದೇ ಇದ್ದದ್ದಕ್ಕೆ ಅಂಕ ಕಳೆಯುವುದು ಅನ್ಯಾಯ. ಪ್ರತಿ ಪಾಯಿಂಟ್‌ಗೂ ಒಂದು ಪರೀಕ್ಷೆ ಇದೆ: ಇದನ್ನು ಬರೆಯಬೇಕು ಎಂದು ಪ್ರಶ್ನೆ ಓದಿದ ಮಗುವಿಗೆ ಹೇಗೆ ಗೊತ್ತಾಗುತ್ತದೆ? ಉತ್ತರ ಇಲ್ಲದಿದ್ದರೆ ಪ್ರಶ್ನೆ ತಿದ್ದಿ, ಇಲ್ಲವೇ ಪಾಯಿಂಟ್ ತೆಗೆಯಿರಿ.

ಪ್ರಶ್ನೆಯಲ್ಲಿ 'ಸಾಮಾನ್ಯವಾಗಿ' ಎಂಬ ಪದ ಸೇರಿಸಿದ್ದೇನೆ, ಗಮನಿಸಿದಿರಾ? ಪಾಠದಲ್ಲಿ ಮೇಷ್ಟ್ರು 'ಮೊದಲನೇ ಸಲ ಏನೂ ಆಗಲ್ಲ' ಎಂದುಬಿಟ್ಟರು. ಕಲಿಸುವಾಗ ಹಾಗೆ ಹೇಳುವುದು ಸಹಜ. ಆದರೆ ಹಿಂದೆ ಗರ್ಭಪಾತ ಆಗಿದ್ದರೆ, ಅಥವಾ ತಪ್ಪಿ ಪಾಸಿಟಿವ್ ರಕ್ತ ಹಾಕಿದ್ದರೆ ತಾಯಿಯಲ್ಲಿ ಆಂಟಿಬಾಡಿ ಮೊದಲೇ ಇರಬಹುದು. ಆಗ ಮೊದಲ ಮಗುವಿಗೂ ತೊಂದರೆ ಆದೀತು. ಹೀಗೆ ಬರೆಯುವ ಮಗು ಪಾಠಕ್ಕಿಂತ ಮುಂದೆ ಇದೆ. ಬರೀ ಟ್ರಾನ್ಸ್‌ಕ್ರಿಪ್ಟ್ ನೋಡಿ ಅಂಕ ಕೊಡುವವರು ಅದಕ್ಕೆ ತಪ್ಪು ಹಾಕುತ್ತಾರೆ. ಆದ್ದರಿಂದ ಪಾಯಿಂಟ್‌ಗಳನ್ನು ಪಠ್ಯಪುಸ್ತಕದ ಜೊತೆ ಹೋಲಿಸಲೇಬೇಕು. ಪಾಠದಲ್ಲಿ ಹೇಳಿದ್ದು ಏನು ಎಂಬುದಕ್ಕೆ ಟ್ರಾನ್ಸ್‌ಕ್ರಿಪ್ಟ್ ಸಾಕ್ಷಿ, ವಿಷಯ ಸರಿಯೋ ತಪ್ಪೋ ಎಂಬುದಕ್ಕೆ ಅಲ್ಲ.

ಪಾಯಿಂಟ್ ಬರೆದಷ್ಟಕ್ಕೆ ಕೆಲಸ ಮುಗಿಯುವುದಿಲ್ಲ. ಪಕ್ಕದಲ್ಲಿ ಯಾವುದನ್ನು ಒಪ್ಪಬಹುದು, ಯಾವುದನ್ನು ಒಪ್ಪಬಾರದು ಎಂದೂ ಬರೆಯಬೇಕು. 'ಆಂಟಿಬಾಡಿ' ಬದಲು 'ಪ್ರತಿಕಾಯ' ಎಂದರೆ ಒಪ್ಪಬೇಕು. 'ಪ್ಲಸೆಂಟಾ' ಬದಲು 'ಮಾಸು' ಎಂದರೂ ಸರಿ. 'ಕೆಂಪು ಕಣ ತಾಯಿಗೆ ಸೇರುತ್ತದೆ' ಎನ್ನದೆ 'ಮಗುವಿನ ರಕ್ತ ತಾಯಿಗೆ ಸೇರುತ್ತದೆ' ಎಂದರೂ ಅರ್ಧ ಅಂಕ ಕೊಡಿ, ಆ ಮಟ್ಟಕ್ಕೆ ಅಷ್ಟು ಸಾಕು. ಆದರೆ 'ಎರಡನೇ ಸಲ ಇಬ್ಬರ ರಕ್ತ ಬೆರೆಯುತ್ತದೆ' ಎಂದರೆ ಕೊಡಬಾರದು. ಎರಡನೇ ಸಲವೂ ಪ್ಲಸೆಂಟಾ ಇದ್ದೇ ಇದೆ, ರಕ್ತ ಬೇರೆಯೇ ಇರುತ್ತದೆ. ದಾಟುವುದು ಆಂಟಿಬಾಡಿ ಮಾತ್ರ. ಈ ಒಂದು ಗೆರೆ ಸ್ಕೀಮ್‌ನಲ್ಲಿ ಇಲ್ಲದಿದ್ದರೆ ಅರ್ಧ ಜನ ಮೌಲ್ಯಮಾಪಕರು ಅಂಕ ಕೊಡುತ್ತಾರೆ, ಅರ್ಧ ಜನ ಕೊಡುವುದಿಲ್ಲ.

ಸ್ಕೀಮ್ ಗಟ್ಟಿ ಇದೆಯೋ ಇಲ್ಲವೋ ತಿಳಿಯಲು ಒಂದೇ ದಾರಿ, ಉತ್ತರಗಳ ಮೇಲೆ ಹಾಕಿ ನೋಡುವುದು. ಇಂಥ ಒಂದು ಉತ್ತರ ಬಂತು ಅಂದುಕೊಳ್ಳಿ: "ತಾಯಿ ಮತ್ತು ಮಗುವಿನ ರಕ್ತ ಹೊಂದುವುದಿಲ್ಲ. ತಾಯಿಯ ದೇಹದಲ್ಲಿ ಆರ್‌ಎಚ್ ವಿರುದ್ಧ ಆಂಟಿಬಾಡಿ ಉಂಟಾಗುತ್ತದೆ. ಇದರಿಂದ ಎರಡನೇ ಮಗುವಿಗೆ ತೀವ್ರ ರಕ್ತಹೀನತೆ, ಕಾಮಾಲೆ ಆಗುತ್ತದೆ. ಇದನ್ನು ಎರಿತ್ರೋಬ್ಲಾಸ್ಟೋಸಿಸ್ ಫೀಟಾಲಿಸ್ ಎನ್ನುತ್ತಾರೆ." ಓದಲು ಚೆನ್ನಾಗಿದೆ. ದೊಡ್ಡ ಹೆಸರೂ ಸರಿಯಾಗಿದೆ. ಸುಮ್ನೆ ಓದಿ ಅಂಕ ಹಾಕುವವರು 2 ಕೊಟ್ಟುಬಿಡುತ್ತಾರೆ. ಸ್ಕೀಮ್ ಪ್ರಕಾರ ಸಿಗುವುದು ಅರ್ಧ ಅಂಕ, ತಾಯಿ ಆಂಟಿಬಾಡಿ ಮಾಡುತ್ತಾಳೆ ಎಂಬುದಕ್ಕೆ. ಕೇಳಿದ್ದು ಕಾರಣ, ಬರೆದದ್ದು ಹೆಚ್ಚಾಗಿ ಪರಿಣಾಮ. ರಕ್ತಹೀನತೆ, ಕಾಮಾಲೆಗೆ ಅಂಕ ಕೊಡಬೇಕು ಅನ್ನಿಸಿದರೆ ಅದಕ್ಕೆ ಬೇರೆ ಪ್ರಶ್ನೆ ಕೇಳಿ, ಈ ಸ್ಕೀಮ್ ಸಡಿಲ ಮಾಡಬೇಡಿ.

ಇನ್ನೊಂದು ಉತ್ತರ: "ಮೊದಲು ಮಾಸು ರಕ್ತ ಬೆರೆಯದ ಹಾಗೆ ತಡೆಯುತ್ತೆ. ಹೆರಿಗೇಲಿ ಮಗು ರಕ್ತ ಅಮ್ಮನಿಗೆ ಸೇರಿ ಆರ್‌ಎಚ್‌ಗೆ ಪ್ರತಿಕಾಯ ಹುಟ್ಟುತ್ತೆ. ಮುಂದಿನ ಸಲ ಅದು ಮಗುಗೆ ಹೋಗಿ ಕೆಂಪು ಕಣ ಸಾಯಿಸುತ್ತೆ." ಭಾಷೆ ಆಡುಮಾತು, ಒಂದೂ ದೊಡ್ಡ ಪದ ಇಲ್ಲ. ಇದಕ್ಕೆ 3ಕ್ಕೆ 3. ಇಂಥ ಮಗುವಿಗೆ ಅಂಕ ತಪ್ಪಬಾರದು ಎಂಬುದಕ್ಕೇ ನಾನು ಸ್ಕೀಮ್ ವಿಷಯದಲ್ಲಿ ಇಷ್ಟು ಹಟ ಹಿಡಿಯುವುದು.

ಅದೇ ಪಾಠದ ಮುಂದಿನ ತುಂಡಿನಲ್ಲಿ, ಇದನ್ನು ತಡೆಯಲು ಮೊದಲ ಹೆರಿಗೆಯಾದ ಕೂಡಲೇ ತಾಯಿಗೆ ಇಂಜೆಕ್ಷನ್ ಕೊಡುತ್ತಾರೆ ಎಂದು ಬರುತ್ತದೆ. ಇದು ಎರಡು ಅಂಕದ ಪ್ರಶ್ನೆಗೆ ಸರಿಯಾದ ಅಳತೆ. ಏನು ಕೊಡುತ್ತಾರೆ ಎಂಬುದಕ್ಕೆ ಒಂದು, ಆರ್‌ಎಚ್ ವಿರುದ್ಧದ ಆಂಟಿಬಾಡಿ ಅಥವಾ ಆಂಟಿ-ಡಿ. ಯಾವಾಗ ಎಂಬುದಕ್ಕೆ ಒಂದು, ಮೊದಲ ಹೆರಿಗೆಯಾದ ಕೂಡಲೇ. '72 ಗಂಟೆಯೊಳಗೆ' ಎಂದು ಬರೆದರೂ ಒಪ್ಪಬೇಕು. ಏಳನೇ ತಿಂಗಳ ಹೊತ್ತಿಗೆ, 28ನೇ ವಾರದಲ್ಲಿ ಕೊಡುವ ರೂಢಿಯೂ ಇದೆ, ಅದನ್ನು ಬರೆದವರಿಗೂ ಅಂಕ.

ಆದರೆ ಪ್ರಶ್ನೆ ಬರೆಯುವಾಗ ಹುಷಾರು. "ತಾಯಿಯಲ್ಲಿ ಆರ್‌ಎಚ್ ವಿರುದ್ಧ ಆಂಟಿಬಾಡಿ ಹುಟ್ಟದಂತೆ ತಡೆಯಲು ಏನು ಕೊಡುತ್ತಾರೆ?" ಎಂದು ಬರೆದರೆ ಮೊದಲ ಪ್ರಶ್ನೆಯ ಅರ್ಧ ಅಂಕವನ್ನು ಇಲ್ಲೇ ಹಂಚಿದ ಹಾಗೆ. ಜಾಣ ಮಗು ಹಿಂದೆ ಹೋಗಿ ಬರೆದು ಬರುತ್ತದೆ. "ಎರಡನೆಯ ಮಗುವಿಗೆ ಆಗಬಹುದಾದ ಈ ತೊಂದರೆಯನ್ನು ತಡೆಯಲು" ಎಂದರೆ ಸಾಕು. ಒಂದೇ ಟ್ರಾನ್ಸ್‌ಕ್ರಿಪ್ಟಿನಿಂದ ಹಲವು ಪ್ರಶ್ನೆ ತೆಗೆದಾಗ ಈ ಸೋರಿಕೆ ತುಂಬಾ ಸಾಮಾನ್ಯ, ಯಾಕೆಂದರೆ ಪಾಠ ಒಂದರ ಮೇಲೊಂದು ಕಟ್ಟಿಕೊಂಡು ಹೋಗುತ್ತದೆ. ಎಲ್ಲ ಪ್ರಶ್ನೆಗಳನ್ನೂ ಒಟ್ಟಿಗೆ ಇಟ್ಟು, ಒಂದರ ಪಾಯಿಂಟ್ ಇನ್ನೊಂದರ ಪ್ರಶ್ನೆಯಲ್ಲಿ ಇದೆಯಾ ಎಂದು ನೋಡಬೇಕು.

ತಡೆಯುವುದು ಹೇಗೆ ಎಂಬುದನ್ನು ನಾನು ಕೇಳಲಿಲ್ಲ. ಹೊರಗಿನಿಂದ ಕೊಟ್ಟ ಆಂಟಿಬಾಡಿ ತಾಯಿಯ ರಕ್ತಕ್ಕೆ ಸೇರಿದ ಮಗುವಿನ ಕಣಗಳನ್ನು ಬೇಗ ತೆಗೆದುಹಾಕುತ್ತದೆ, ತಾಯಿಯ ದೇಹ ತಾನೇ ಆಂಟಿಬಾಡಿ ಮಾಡುವಷ್ಟು ಹೊತ್ತು ಅವು ಉಳಿಯುವುದಿಲ್ಲ. ಒಳ್ಳೆ ಪ್ರಶ್ನೆಯೇ. ಆದರೆ ಈ ಪಾಠದಲ್ಲಿ ಮೇಷ್ಟ್ರು ಅದನ್ನು ಹೇಳಿಲ್ಲ ಎಂದಿಟ್ಟುಕೊಳ್ಳಿ. ಪಾಠದಲ್ಲಿ ಇಲ್ಲದ್ದನ್ನು ಬರೆದ ಮಗುವಿಗೆ ಅಂಕ ಕೊಡಬಹುದು, ಕೇಳುವ ಹಾಗಿಲ್ಲ. ಹಾಗೆಯೇ 'ಎಕ್ಸಾಮ್‌ಗೆ ಬರುತ್ತೆ' ಎಂಬಂಥ ಮಾತು, ಮಧ್ಯೆ ಹೇಳಿದ ಕಥೆ, ಹಾಜರಿ ವಿಷಯ, ಇವೆಲ್ಲ ಟ್ರಾನ್ಸ್‌ಕ್ರಿಪ್ಟಿನಲ್ಲಿ ಜಾಗ ತಿಂದಿರುತ್ತವೆ. ಒಂದು ಗಂಟೆಯ ಪಾಠದಲ್ಲಿ ಐದಾರು ಒಳ್ಳೆ ಪ್ರಶ್ನೆ ಸಿಕ್ಕರೆ ಸಾಕಷ್ಟಾಯಿತು. ಇಪ್ಪತ್ತು ಬಂದಿವೆ ಎಂದರೆ ಅದರಲ್ಲಿ ಹೆಚ್ಚಿನವು ಮೇಷ್ಟ್ರು ಏನಂದರು ಎಂದು ಕೇಳುತ್ತಿರುತ್ತವೆ.

ಕೊನೆಗೆ ಪ್ರತಿ ಪಾಯಿಂಟ್ ಮುಂದೆ ಅದು ಪಾಠದಲ್ಲಿ ಬಂದ ಸಮಯ ಬರೆದಿಡಿ: 12:40, 12:55, ಹೀಗೆ. ಅರ್ಧ ಅಂಕ ಯಾಕೆ ಹೋಯಿತು ಎಂದು ಮಗು ಕೇಳಿದರೆ ವಿಡಿಯೋದ ಆ ಜಾಗ ತೆರೆದು ತೋರಿಸಬಹುದು. ಅಲ್ಲಿ ಆ ಮಾತು ಇಲ್ಲದಿದ್ದರೆ, ಅಥವಾ ಬೇರೆ ಥರ ಇದ್ದರೆ, ಅಂಕ ಕೊಟ್ಟು ಸ್ಕೀಮ್ ತಿದ್ದಿ, ಆಗಲೇ ನೋಡಿದ ಪತ್ರಿಕೆಗಳನ್ನೂ ಆ ಪ್ರಶ್ನೆಯ ಮಟ್ಟಿಗೆ ಮತ್ತೆ ನೋಡಬೇಕು.