ಫೆಫೋ: ಡೇಟು ಮೊದಲು ಮುಗಿಯುವುದು ಮೊದಲು ಹೊರಗೆ

ದಿನಸಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನವೇ ಹೇಳಿಕೊಡುವ ಮಾತು ಒಂದಿದೆ: "ಹಳೇದು ಮುಂದೆ, ಹೊಸದು ಹಿಂದೆ." ಮಾತೇನೋ ಸರಿ. ಆದರೆ ಹಳೇದು ಅಂದರೆ ಯಾವುದು? ಅಂಗಡಿಗೆ ಮೊದಲು ಬಂದದ್ದೋ, ಡೇಟು ಮೊದಲು ಮುಗಿಯುವುದೋ? ಎರಡೂ ಒಂದೇ ಎಂದು ಬಹಳ ಜನ ಅಂದುಕೊಂಡಿರುತ್ತಾರೆ. ಎಷ್ಟೋ ಸಲ ಒಂದೇ ಆಗಿರುತ್ತದೆ ಕೂಡ. ಹಾಗಾಗದ ಸಲಕ್ಕೆಂದು ಇರುವ ಪದವೇ ಫೆಫೋ.

ಫಸ್ಟ್ ಎಕ್ಸ್‌ಪೈರ್ಡ್, ಫಸ್ಟ್ ಔಟ್ ಎಂಬ ನಾಲ್ಕು ಪದಗಳ ಮೊದಲಕ್ಷರ ಸೇರಿಸಿ ಮಾಡಿದ ಹೆಸರು ಇದು. ಅವಧಿ ಮೊದಲು ಮುಗಿಯುವ ಮಾಲು ಮೊದಲು ಮಾರಾಟವಾಗಬೇಕು ಎಂದರ್ಥ. ಇದರ ಅಣ್ಣನಂತಿರುವ ಪದ ಫಿಫೋ: ಫಸ್ಟ್ ಇನ್, ಫಸ್ಟ್ ಔಟ್. ಅಲ್ಲಿ ಬಂದ ಸರದಿಯೇ ಹೋಗುವ ಸರದಿ. ಪೊರಕೆ, ಬಕೆಟ್ಟು, ಪೆನ್ನುಗಳಿಗೆ ಫಿಫೋ ಸಾಕು. ಡೇಟು ಅಚ್ಚಾದ ಮಾಲಿಗೆ ಸಾಲದು. ಏಕೆಂದರೆ ಇವತ್ತು ಬಂದ ಬಾಕ್ಸು ನಿನ್ನೆ ತಯಾರಾದದ್ದೇ ಇರಬೇಕೆಂದೇನಿಲ್ಲ. ಸಗಟು ಗೋದಾಮಿನ ಮೂಲೆಯಲ್ಲಿ ಮೂರು ತಿಂಗಳು ಕೂತಿದ್ದು ಈಗ ಹೊರಬಂದಿರಬಹುದು.

ಒಂದು ಲೆಕ್ಕ ಹಾಕಿ ನೋಡೋಣ. ಜುಲೈ 1ಕ್ಕೆ ಹಲಗೆಯ ಮೇಲೆ ಒಂದು ಬಗೆಯ ಬಿಸ್ಕತ್ತಿನ 24 ಪ್ಯಾಕೆಟ್ ಇವೆ, ಎಲ್ಲದರ ಡೇಟು ಆಗಸ್ಟ್ 30. ಅಂದೇ ಹೊಸದಾಗಿ 36 ಪ್ಯಾಕೆಟ್ ಬಂದವು, ಅವುಗಳ ಡೇಟು ಆಗಸ್ಟ್ 15. ಈ ಬಿಸ್ಕತ್ತು ವಾರಕ್ಕೆ 6 ಪ್ಯಾಕೆಟ್ ಖರ್ಚಾಗುತ್ತದೆ. ಬಂದ ಸರದಿಯಂತೆ ಮಾರಿದರೆ ಮೊದಲಿದ್ದ 24 ಮುಗಿಯಲು ನಾಲ್ಕು ವಾರ ಬೇಕು; ಅಷ್ಟೊತ್ತಿಗೆ ಜುಲೈ 29. ಆಮೇಲೆ 36ಕ್ಕೆ ಕೈ ಹಾಕಿದರೆ ಉಳಿದಿರುವುದು 17 ದಿನ. ಅಷ್ಟರಲ್ಲಿ ಹೋಗುವುದು 14, ಡೇಟ್‌ಬಾರ್ ಆಗುವುದು 22.

ಈಗ ಡೇಟಿನ ಸರದಿ ಹಿಡಿಯಿರಿ. ಹೊಸದಾಗಿ ಬಂದ 36ನ್ನೇ ಮುಂದಿಟ್ಟರೆ ಆರು ವಾರದಲ್ಲಿ, ಅಂದರೆ ಆಗಸ್ಟ್ 12ಕ್ಕೆ, ಅವು ಖಾಲಿ. ಡೇಟಿಗೆ ಇನ್ನೂ ಮೂರು ದಿನ ಇರುತ್ತದೆ. ಆಮೇಲೆ ಮೊದಲಿನ 24ರ ಸರದಿ. ಆಗಸ್ಟ್ 30ಕ್ಕೆ 18 ದಿನ ಇರುವುದರಿಂದ ಸುಮಾರು 15 ಹೋಗುತ್ತವೆ, 9 ಉಳಿಯುತ್ತವೆ. ಮಾಲು ಅದೇ, ಗಿರಾಕಿಗಳೂ ಅವರೇ. ಇಟ್ಟ ಕ್ರಮ ಬದಲಾದದ್ದಕ್ಕೆ ನಷ್ಟ 22ರಿಂದ 9ಕ್ಕೆ ಇಳಿಯಿತು.

ಆ 9 ಯಾಕೆ ಉಳಿದವು ಎಂಬುದನ್ನೂ ನೋಡಬೇಕು. ಒಟ್ಟು 60 ಪ್ಯಾಕೆಟ್ ಮಾರಲು ಹತ್ತು ವಾರ ಬೇಕು, ಕೈಯಲ್ಲಿ ಇದ್ದದ್ದು ಎಂಟೂವರೆ ವಾರ. ಹೇಗೇ ಜೋಡಿಸಿದರೂ ಆ ಒಂದೂವರೆ ವಾರದ ಮಾಲು ಹೋಗುವುದಿಲ್ಲ. ಫೆಫೋ ಮಾರಾಟ ಹೆಚ್ಚಿಸುವ ಉಪಾಯವಲ್ಲ, ಹೆಚ್ಚಾಗಿ ತರಿಸಿದ ತಪ್ಪನ್ನು ಅದು ಮುಚ್ಚಲಾರದು. ಆದರೆ ಈ ಲೆಕ್ಕವನ್ನು ಆಗಸ್ಟಿನವರೆಗೆ ಕಾದು ತಿಳಿಯಬೇಕಾಗಿಲ್ಲ. ಜುಲೈ 1ರಂದು, ಮಾಲು ತಂದವರು ಇನ್ನೂ ಬಾಗಿಲಲ್ಲಿ ನಿಂತಿರುವಾಗಲೇ, ಹಾಕಬಹುದು. "ಇಷ್ಟು ಹತ್ತಿರದ ಡೇಟಿನದು 36 ಬೇಡ, 24 ಇಳಿಸಿ ಸಾಕು" ಅನ್ನುವುದಕ್ಕೆ ಅದೇ ಸಮಯ. ಸಹಿ ಹಾಕಿದ ಮೇಲೆ ಅದೇ ಮಾತಿಗೆ ಅಷ್ಟು ಬೆಲೆ ಇರುವುದಿಲ್ಲ.

ಡೇಟು ಓದುವಲ್ಲಿಯೇ ಎಡವುವುದುಂಟು. 'ಬೆಸ್ಟ್ ಬಿಫೋರ್' ಅಂದರೆ ರುಚಿ, ಗರಿಗರಿ ಚೆನ್ನಾಗಿರುವ ಗಡುವು. 'ಯೂಸ್ ಬೈ' ಅಂದರೆ ಆಮೇಲೆ ತಿನ್ನಬೇಡಿ ಎಂಬ ಗಡುವು. ಜೋಡಿಸುವಾಗ ಎರಡಕ್ಕೂ ಕ್ರಮ ಒಂದೇ. ಬರೀ ತಿಂಗಳು ಮತ್ತು ವರ್ಷ ಇದ್ದರೆ ಆ ತಿಂಗಳ ಕೊನೆಯ ದಿನ ಎಂದು ಹಿಡಿಯಬೇಕು. 05/06 ಎಂದಿದ್ದರೆ ಮೇ 6 ಕೂಡ ಆಗಬಹುದು, ಜೂನ್ 5 ಕೂಡ ಆಗಬಹುದು. ಅದೇ ಪ್ಯಾಕೆಟ್ಟಿನ ತಯಾರಿಕೆಯ ದಿನಾಂಕ ನೋಡಿದರೆ ಸಾಮಾನ್ಯವಾಗಿ ಗುಟ್ಟು ಬಿಡುತ್ತದೆ. ಇನ್ನು ಕೆಲವು ಪ್ಯಾಕೆಟ್ಟುಗಳ ಮೇಲೆ ಗಡುವೇ ಇರುವುದಿಲ್ಲ, 'ತಯಾರಾದ ದಿನದಿಂದ ಆರು ತಿಂಗಳು' ಎಂದಷ್ಟೇ ಇರುತ್ತದೆ. ಅಂಥದ್ದನ್ನು ಮಾಲು ಇಳಿಸಿಕೊಂಡ ದಿನವೇ ಲೆಕ್ಕ ಹಾಕಿ, ಬಾಕ್ಸಿನ ಮೇಲೆ ದಪ್ಪ ಮಾರ್ಕರಿನಲ್ಲಿ ಬರೆದುಬಿಡುವುದು ಒಳ್ಳೆಯದು. ಬರೆದ ಬದಿ ಗೋಡೆಗೆ ಮುಖ ಮಾಡಿದ್ದರೆ ಬರೆದೂ ಬರೆಯದಂತೆ. ನಾನು ಈ ತಪ್ಪನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ.

ಜೋಡಿಸುವ ಕೆಲಸಕ್ಕೆ ಬರೋಣ. ಹೊಸ ಮಾಲು ಇಡುವಾಗ ಎಲ್ಲರ ಕೈ ಸಹಜವಾಗಿ ಮಾಡುವುದು ಒಂದೇ: ಇದ್ದದ್ದನ್ನು ಹಿಂದಕ್ಕೆ ತಳ್ಳಿ ಮುಂದಿನ ಜಾಗದಲ್ಲಿ ಹೊಸದು ತುಂಬುವುದು. ಅದರಿಂದಲೇ ಹಲಗೆಯ ಹಿಂಬದಿ ಸೇರಿದ ಪ್ಯಾಕೆಟ್ಟು ವರ್ಷವಾದರೂ ಬೆಳಕು ಕಾಣುವುದಿಲ್ಲ. ಆ ಸಾಲನ್ನು ಪೂರ್ತಿ ಕೆಳಗಿಳಿಸಿ, ಧೂಳು ಒರೆಸಿ, ದೂರದ ಡೇಟಿನದು ಮೊದಲು ಹಿಂದಕ್ಕೆ, ಹತ್ತಿರದ್ದು ಕೊನೆಗೆ ಮುಂದಕ್ಕೆ ಇಡುವುದೊಂದೇ ದಾರಿ. ಒಂದರ ಮೇಲೊಂದು ಪೇರಿಸುವ ಡಬ್ಬಿಗಳಲ್ಲಿ ಗಿರಾಕಿಯ ಕೈ ಮೇಲಿನದಕ್ಕೆ ಹೋಗುವುದರಿಂದ ಹತ್ತಿರದ ಡೇಟು ಮೇಲೆ ಬರಬೇಕು. ಒಂದೇ ಬಾಕ್ಸಿನೊಳಗೆ ಎರಡು ಬ್ಯಾಚು ಬೆರೆತಿರುವುದೂ ಉಂಟು. ಹೊರಗಿನ ಚೀಟಿ ನಂಬಿ ಹಾಗೇ ಸುರಿದರೆ ಸಾಲು ಅಲ್ಲಿಗೇ ಕೆಟ್ಟಿತು.

ಇಷ್ಟೆಲ್ಲ ಮಾಡಿದರೂ ಸಾಲು ಇಟ್ಟ ಹಾಗೇ ಇರುವುದಿಲ್ಲ. ಹಿಂದೆ ಕೈ ಹಾಕಿ ಹೊಸದನ್ನು ಎಳೆದುಕೊಳ್ಳುವ ಗಿರಾಕಿಗಳು ಇದ್ದೇ ಇರುತ್ತಾರೆ, ಅದು ಅವರ ಹಕ್ಕು. ಒಂದು ತೆಗೆದು ನೋಡಿ ಬೇರೆಲ್ಲೋ ಇಟ್ಟು ಹೋಗುವವರೂ ಇರುತ್ತಾರೆ. ಅದಕ್ಕೇ ವಾರಕ್ಕೊಮ್ಮೆ ಹಲಗೆ ನೋಡುವ ಕ್ಯಾಲೆಂಡರು ಬೇಕಾಗುವುದು. ಒಂದೊಂದು ದಿನಕ್ಕೆ ಒಂದೊಂದು ರ್ಯಾಕು: ಸೋಮವಾರ ಪಾನೀಯ, ಮಂಗಳವಾರ ಬಿಸ್ಕತ್ತು, ಬುಧವಾರ ಡಬ್ಬಿ ಬಾಟಲಿ, ಹೀಗೆ. ಹಾಲು, ಬ್ರೆಡ್ಡು ಈ ಕ್ಯಾಲೆಂಡರಿಗೆ ಸೇರುವುದೇ ಇಲ್ಲ. ಅವುಗಳ ಆಯುಷ್ಯವೇ ವಾರಕ್ಕಿಂತ ಕಡಿಮೆ ಇರಬಹುದು, ದಿನಾ ಬೆಳಿಗ್ಗೆ ನೋಡಬೇಕು. ಪ್ರತಿ ಪ್ಯಾಕೆಟ್ಟನ್ನೂ ಎತ್ತಿ ನೋಡಲು ಯಾರಿಗೂ ಪುರುಸೊತ್ತಿಲ್ಲ. ಸಾಲಿನ ಮುಂದಿನದು, ನಡುವಿನದು, ಹಿಂದಿನದು ಮೂರನ್ನು ನೋಡಿದರೆ ಸಾಕು. ಡೇಟು ಹಿಂದೆ ಹೋದಂತೆ ದೂರವಾಗುತ್ತಿದ್ದರೆ ಮುಂದಿನ ಸಾಲಿಗೆ ಹೋಗಿ. ಏರುಪೇರಿದ್ದರೆ ಆ ಸಾಲನ್ನು ಇಳಿಸಿ ನೋಡಿ.

ಆದರೆ ನೋಡುವುದು ಏನನ್ನು? ಇಲ್ಲಿಯೇ ಹೆಚ್ಚಿನವರು ತಪ್ಪುವುದು. "ಡೇಟು ಮುಗಿದದ್ದು ಇದೆಯಾ?" ಎಂದು ಹುಡುಕುತ್ತಾರೆ. ಮಂಗಳವಾರ 8ನೇ ತಾರೀಕು ನೋಡಿದಿರಿ ಅನ್ನಿ, ಒಂದು ಪ್ಯಾಕೆಟ್ಟಿನ ಡೇಟು 10. ಇನ್ನೂ ಎರಡು ದಿನ ಇದೆ, ಇರಲಿ ಎಂದು ಬಿಟ್ಟಿರಿ. ಮತ್ತೆ ಆ ರ್ಯಾಕಿಗೆ ಬರುವುದು 15ಕ್ಕೆ. 11ರಿಂದ ಅಷ್ಟೂ ದಿನ ಅದು ಡೇಟ್‌ಬಾರ್ ಆಗಿಯೇ ಹಲಗೆಯ ಮೇಲಿತ್ತು, ತಪ್ಪದೆ ವಾರ ವಾರ ನೋಡುವ ಅಂಗಡಿಯಲ್ಲಿ. ಹಾಗಾಗಿ ಇವತ್ತು ಕೇಳಬೇಕಾದ ಪ್ರಶ್ನೆ, ಮುಂದಿನ ಸಲ ನಾನು ಇಲ್ಲಿಗೆ ಬರುವಷ್ಟರಲ್ಲಿ ಯಾವುದು ಮುಗಿದಿರುತ್ತದೆ ಎಂಬುದು. ಏಳು ದಿನ ಮುಂದೆ ನೋಡುವುದು ಕನಿಷ್ಠ.

ಕನಿಷ್ಠ ಅಂದದ್ದಕ್ಕೆ ಕಾರಣವಿದೆ. ಡೇಟಿಗೆ ಏಳು ದಿನ ಇರುವಾಗ ಕಂಡರೆ ತೆಗೆದಿಡಬಹುದು, ಮಾರಲು ಹೊತ್ತು ಸಾಲದು. ಮೇಲಿನ ಬಿಸ್ಕತ್ತನ್ನೇ ತೆಗೆದುಕೊಳ್ಳಿ. ಕೈಯಲ್ಲಿ 9 ಪ್ಯಾಕೆಟ್ ಇದ್ದರೆ, ವಾರಕ್ಕೆ 6ರಂತೆ ಹೋಗಲು 11 ದಿನ ಬೇಕು. ಕೊನೆಯದನ್ನು ಕೊಂಡವರು ಮನೆಯಲ್ಲಿ ತಿಂದು ಮುಗಿಸಲು ಮೂರು ದಿನ. ಎರಡು ನೋಟದ ನಡುವಿನ ಅಂತರ ಏಳು ದಿನ. ಮೂರನ್ನೂ ಕೂಡಿದರೆ 21. ಅಂದರೆ ಆ ಸಾಲಿನಲ್ಲಿ ಮೂರು ವಾರದೊಳಗಿನ ಡೇಟು ಕಣ್ಣಿಗೆ ಬಿದ್ದ ದಿನವೇ ಏನಾದರೂ ಮಾಡಬೇಕು: ಗಲ್ಲಾಪೆಟ್ಟಿಗೆಯ ಪಕ್ಕಕ್ಕೆ ತಂದಿಡುವುದೋ, ದರ ಇಳಿಸುವುದೋ, ವಾಪಸ್ ತೆಗೆದುಕೊಳ್ಳುವವರಿದ್ದರೆ ಕೇಳುವುದೋ. ಜ್ಯಾಮಿನ ಬಾಟಲಿಗೆ ಇದೇ ಲೆಕ್ಕ ಇನ್ನೂ ಉದ್ದವಾಗುತ್ತದೆ. ಒಂದು ಬಾಟಲಿ ಮನೆಯಲ್ಲಿ ತಿಂಗಳು ಬರುವುದಾದರೆ, ಐದು ದಿನ ಉಳಿದದ್ದನ್ನು ಪೂರ್ತಿ ದರಕ್ಕೆ ಕೊಟ್ಟವರ ಬಗ್ಗೆ ಗಿರಾಕಿ ಏನು ಅಂದುಕೊಂಡಾರು?

ಪುಸ್ತಕದಲ್ಲಿ ಬರೆದಿಡುವುದು ಹೆಚ್ಚೇನಿಲ್ಲ. ಪ್ರತಿ ಮಾಲಿನ ಮುಂದೆ, ಅಂದು ಸಿಕ್ಕ ಡೇಟುಗಳಲ್ಲಿ ಎಲ್ಲಕ್ಕಿಂತ ಹತ್ತಿರದ್ದು ಒಂದೇ ಒಂದು. ಮುಂದಿನ ವಾರ ಆ ಪುಟ ತೆರೆದರೆ ಯಾವ ಸಾಲಿನ ಮುಂದೆ ನಿಲ್ಲಬೇಕು, ಯಾವುದನ್ನು ದಾಟಿ ಹೋಗಬಹುದು ಎಂಬುದು ತಿಳಿಯುತ್ತದೆ. ಇದರಲ್ಲಿ ಒಂದು ತೂತು ಇದೆ. ನಡುವೆ ಬಂದ ಹೊಸ ಬಾಕ್ಸಿನ ಡೇಟು, ಪುಸ್ತಕದಲ್ಲಿರುವುದಕ್ಕಿಂತ ಹತ್ತಿರದ್ದಾಗಿದ್ದರೆ ಪುಸ್ತಕ ಸುಳ್ಳು ಹೇಳುತ್ತದೆ. ನಮ್ಮ ಆಗಸ್ಟ್ 15ರ ಬಿಸ್ಕತ್ತಿನಂಥದ್ದೇ. ಹಾಗಾಗಿ ಮಾಲು ಇಳಿಸಿಕೊಳ್ಳುವಾಗ ಬಿಲ್ಲಿನ ಜೊತೆ ಈ ಪುಸ್ತಕವೂ ಕೈಯಲ್ಲಿರಬೇಕು.

ಫೆಫೋ ನಡೆಯುವುದು ಡೇಟು ನಿಜ ಇರುವ ತನಕ ಮಾತ್ರ. ಅಚ್ಚಾದ ಡೇಟು, ಹೇಳಿದ ರೀತಿಯಲ್ಲಿ ಇಟ್ಟ, ಬಾಯಿ ತೆರೆಯದ ಪ್ಯಾಕೆಟ್ಟಿಗೆ ಕೊಟ್ಟ ಮಾತು. ರಾತ್ರಿಯಿಡೀ ಫ್ರಿಜ್ಜು ಕೆಟ್ಟು ನಿಂತಿದ್ದರೆ ಒಳಗಿನ ಹಾಲಿನ ಡೇಟು ನಾಲ್ಕು ದಿನ ಮುಂದಿದ್ದೂ ಪ್ರಯೋಜನವಿಲ್ಲ.

ಬಿಡಿಯಾಗಿ ತೂಗಿ ಮಾರುವ ಮಾಲಿನಲ್ಲಿ ಡೇಟು ಕಳೆದುಹೋಗುವ ಬಗೆಯೇ ಬೇರೆ. ಚೀಲ ಬಿಚ್ಚಿ ದೊಡ್ಡ ಡಬ್ಬಿಗೆ ಸುರಿಯುತ್ತೇವೆ, ಚೀಲ ಎಸೆಯುತ್ತೇವೆ, ಡೇಟೂ ಅದರ ಜೊತೆ ಹೋಗುತ್ತದೆ. ಡಬ್ಬಿ ಅರ್ಧವಾದಾಗ ಅದರ ಮೇಲೆಯೇ ಹೊಸ ಚೀಲ. ಮೊಗೆಯುವುದು ಮೇಲಿನಿಂದ, ಹಾಗಾಗಿ ತಳದ ನಾಲ್ಕು ಬೆರಳು ಎಂದಿಗೂ ಹೊರಬರುವುದಿಲ್ಲ. ಹುಳು ಮೊದಲು ಕಾಣಿಸಿಕೊಳ್ಳುವುದೂ ಅಲ್ಲಿಯೇ. ಹೊಸದು ಸುರಿಯುವ ಮುನ್ನ ಹಳೆಯದನ್ನು ಬೇರೆ ಪಾತ್ರೆಗೆ ಬಗ್ಗಿಸಿ, ಡಬ್ಬಿ ಒರೆಸಿ, ಹೊಸದು ಹಾಕಿ, ಹಳೆಯದನ್ನು ಕೊನೆಗೆ ಮೇಲೆ ಸುರಿಯಬೇಕು. ಚೀಲದ ಮೇಲಿನ ಡೇಟಿನ ತುಂಡನ್ನು ಕತ್ತರಿಸಿ ಡಬ್ಬಿಗೆ ಅಂಟಿಸಿದರೆ ವಾರದ ನೋಟಕ್ಕೆ ಅದೂ ಸಿಗುತ್ತದೆ. ಹಳೆಯ ತುಂಡನ್ನು ಕೀಳಬೇಡಿ, ಮೇಲಿನ ಪದರ ಖಾಲಿಯಾಗುವ ತನಕ ಆ ಡಬ್ಬಿಯ ಡೇಟು ಅದೇ.