ಮೊದಲು ಅಮ್ಮನನ್ನು ಮಾತಾಡಿಸಿ

ಮೈಸೂರಿನ ಸರಸ್ವತಿಪುರಂನಲ್ಲಿ ನಾನು ಕೆಲಸ ಮಾಡುವ ಡೇಕೇರ್‌ಗೆ ಕಳೆದ ಜೂನ್‌ನಲ್ಲಿ ಒಂದು ವರ್ಷ ಎಂಟು ತಿಂಗಳ ಹುಡುಗಿಯೊಬ್ಬಳು ಸೇರಿದಳು. ಬೆಳಿಗ್ಗೆ ಒಂಬತ್ತಕ್ಕೆ ಸ್ಕೂಟರ್ ಗೇಟಿನ ಮುಂದೆ ನಿಂತರೆ ಸಾಕು, ಅಮ್ಮನ ದುಪಟ್ಟಾ ಬಿಗಿಯಾಗಿ ಹಿಡಿದು ಅಳು ಶುರು. ನಾವು ಓಡಿಹೋಗಿ ಎತ್ತಿಕೊಳ್ಳುತ್ತಿದ್ದೆವು. "ಅಳಬಾರದು ಬಂಗಾರ, ಅಲ್ನೋಡು ಅಳಿಲು" ಅಂತ ಮರ ತೋರಿಸುತ್ತಿದ್ದೆವು. ಅವಳು ಅಳಿಲು ಹುಡುಕುವಷ್ಟರಲ್ಲಿ ಅಮ್ಮನಿಗೆ ಕಣ್ಸನ್ನೆ ಮಾಡಿ ಕಳಿಸಿಬಿಡುತ್ತಿದ್ದೆವು. ತಿರುಗಿ ನೋಡಿದರೆ ಅಮ್ಮ ಇಲ್ಲ. ಆಮೇಲೆ ಅರ್ಧ ಗಂಟೆ ಅಳು. ಒಂದು ವಾರದಲ್ಲಿ ಸ್ಕೂಟರ್ ನಮ್ಮ ಬೀದಿಗೆ ತಿರುಗುವಾಗಲೇ ಅಳು ಕೇಳಿಸತೊಡಗಿತು.

ಅಗಲಿಕೆಯ ಭಯ ಸುಮಾರು ಎಂಟು ತಿಂಗಳಿಗೆ ಕಾಣಿಸಿಕೊಂಡು, ಒಂದೂವರೆ ವರ್ಷದ ಆಸುಪಾಸಿನವರೆಗೂ ಜೋರಾಗಿದ್ದು, ಮೂರು ವರ್ಷದ ಹೊತ್ತಿಗೆ ಬಹುತೇಕ ಇಳಿಯುತ್ತದೆ. ಕಣ್ಣಿಗೆ ಕಾಣದಿದ್ದರೂ ಅಮ್ಮ ಎಲ್ಲೋ ಇದ್ದಾಳೆ ಎನ್ನುವುದು ಈ ವಯಸ್ಸಿಗೆ ಗೊತ್ತು. ಯಾವಾಗ ಬರುತ್ತಾಳೆ ಎನ್ನುವುದು ಗೊತ್ತಿಲ್ಲ. ಹೇಳದೆ ಹೋದ ಅಮ್ಮನಿಂದ ಮಗು ಕಲಿಯುವ ಪಾಠ ಒಂದೇ: ಅಮ್ಮನ ಮೇಲಿಂದ ಕಣ್ಣು ತೆಗೆಯಬಾರದು.

ನಮ್ಮ ರೀತಿ ಬದಲಾಯಿಸಿಕೊಳ್ಳಲು ನನಗೆ ದಾರಿ ತೋರಿದ್ದು 1985ರಲ್ಲಿ ಪ್ರಕಟವಾದ ಒಂದು ಪ್ರಯೋಗ. ಅಮೆರಿಕದ ಸಂಶೋಧಕರು ವರ್ಷ ತುಂಬಿದ ಮಕ್ಕಳನ್ನು ಒಂದು ಮೇಜಿನ ಮೇಲೆ ಬಿಟ್ಟರು. ಅರ್ಧ ದೂರದಲ್ಲಿ ಸಣ್ಣ ಹಳ್ಳ ಇದ್ದಂತೆ ಕಾಣುತ್ತದೆ, ಆದರೆ ಮೇಲೆ ಗಟ್ಟಿ ಗಾಜಿದೆ. ದಾಟಬೇಕೋ ಬೇಡವೋ ಎಂದು ಅನುಮಾನವಾದಾಗ ಮಕ್ಕಳು ಆಚೆ ಬದಿಯಲ್ಲಿದ್ದ ಅಮ್ಮನ ಮುಖ ನೋಡಿದರು. ಅಮ್ಮ ಖುಷಿಯಾಗಿ ನಕ್ಕಾಗ 19 ಮಕ್ಕಳಲ್ಲಿ 14 ಮಕ್ಕಳು ದಾಟಿದರು. ಭಯದ ಮುಖ ಮಾಡಿದಾಗ 17ರಲ್ಲಿ ಒಂದೂ ದಾಟಲಿಲ್ಲ.

ನಮ್ಮ ಗೇಟು ಕೂಡ ಮಗುವಿಗೆ ಅಂಥದ್ದೇ ಹಳ್ಳ. ಬ್ಯಾಂಕಿಗೆ ತಡವಾಯಿತೆಂಬ ಆತಂಕ, ಬಿಟ್ಟುಹೋಗುವ ಸಂಕಟ ಎರಡೂ ಆ ತಾಯಿಯ ಮುಖದಲ್ಲಿ ಎದ್ದು ಕಾಣುತ್ತಿದ್ದವು. ಮಗು ಅದನ್ನು ಓದುತ್ತಿತ್ತು. ಹಾಗಾಗಿ ನಾವು ಮೊದಲು ಮಗುವನ್ನು ಬಿಟ್ಟು ಅಮ್ಮನನ್ನು ಮಾತಾಡಿಸತೊಡಗಿದೆವು. "ಬನ್ನಿ ಅಮ್ಮ, ರಾತ್ರಿ ಏನ್ ಮಳೆ! ನಿಮ್ಮ ಕಡೆ ಕರೆಂಟ್ ಇತ್ತಾ?" ತಾಯಿ ನಕ್ಕು ಉತ್ತರ ಕೊಡುತ್ತಾರೆ, ಹೆಗಲು ಸಡಿಲವಾಗುತ್ತದೆ. ಸೊಂಟದ ಮೇಲಿನ ಮಗು ಅಮ್ಮನ ಮುಖ ನೋಡುತ್ತದೆ, ಆಮೇಲೆ ನನ್ನ ಮುಖ.

ಆಗ ತಾಯಿ ಕೆಳಗೆ ಕೂತು ಮಗುವನ್ನು ಮಡಿಲಲ್ಲಿಟ್ಟುಕೊಳ್ಳುತ್ತಾರೆ. ನಾನು ಎದುರಿಗಲ್ಲ, ಪಕ್ಕಕ್ಕೆ ಕುಕ್ಕರಗಾಲಲ್ಲಿ ಕೂರುತ್ತೇನೆ. ನೇರವಾಗಿ ಮುಖಕ್ಕೆ ಮುಖ ತಂದರೆ ಮಗು ಹಿಂದಕ್ಕೆ ಸರಿಯುತ್ತದೆ. "ಅಳಬಾರದು" ಎನ್ನುವುದನ್ನು ಪೂರ್ತಿ ಬಿಟ್ಟೆವು. "ಅಮ್ಮ ಹೊರಟ್ರೆ ಬೇಜಾರಾಗುತ್ತೆ ಅಲ್ವಾ ಪುಟ್ಟಿ" ಎಂದು ಹೇಳಿ ಸುಮ್ಮನಾಗುತ್ತೇನೆ. ಆ ಸುಮ್ಮನಿರುವ ಹತ್ತು ಸೆಕೆಂಡೇ ಕಷ್ಟ. ಕೈ ತಾನಾಗಿ ಗಿಲಕಿಯ ಕಡೆ ಹೋಗುತ್ತದೆ.

ಇನ್ನು ತಾಯಿ ಹೇಳಬೇಕಾದದ್ದು. ನಮ್ಮಲ್ಲಿ ಹೊರಡುವವರು "ಹೋಗ್ತೀನಿ" ಅನ್ನುವುದಿಲ್ಲ, "ಹೋಗಿ ಬರ್ತೀನಿ" ಅನ್ನುತ್ತೇವೆ. ಮಗುವಿಗೆ ಬೇಕಾದ ಸುದ್ದಿ ಆ ಮಾತಿನಲ್ಲೇ ಇದೆ. ಯಾವಾಗ ಎನ್ನುವುದನ್ನಷ್ಟೇ ಸೇರಿಸಬೇಕು. ಐದು ಗಂಟೆ ಎಂದರೆ ಅರ್ಥವಾಗುವ ವಯಸ್ಸಲ್ಲ. "ಹೋಗಿ ಬರ್ತೀನಿ. ನೀನು ಮಮ್ಮು ತಿಂದು, ತಾಚಿ ಮಾಡಿ ಎದ್ದು, ಹಾಲು ಕುಡಿ. ಆಮೇಲೆ ಅಮ್ಮ ಬರ್ತೀನಿ." ದಿನವೂ ಇದೇ ಮಾತು, ಒಂದು ಮುತ್ತು, ಹೊರಡುವುದು. ಅಳು ಕೇಳಿ ಗೇಟಿನಿಂದ ಹಿಂದಿರುಗಿದರೆ ಮಗುವಿಗೆ ಬೀಳ್ಕೊಡುಗೆ ಎರಡು ಸಲ ಆದಂತೆ, ಎರಡನೆಯದು ಮೊದಲನೆಯದಕ್ಕಿಂತ ಜೋರು. ಮಗು ಸಮಾಧಾನವಾದ ಮೇಲೆ ನಾವು ಒಂದು ಫೋಟೊ ಕಳಿಸುತ್ತೇವೆ, ಕೌಂಟರಿನಲ್ಲಿ ಕೂತ ತಾಯಿಗೂ ಉಸಿರಾಡಬೇಕಲ್ಲ.

ಇದರಿಂದ ಅಳು ನಿಂತುಹೋಗುವುದಿಲ್ಲ. ಬರ್ಲಿನ್‌ನ ಡೇಕೇರ್‌ಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದೂಕಾಲು ವರ್ಷದ ಮಕ್ಕಳ ಜೊಲ್ಲಿನಲ್ಲಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆದಿದ್ದರು. ತಾಯಿ ಜೊತೆಗೇ ಕೂತಿದ್ದ ಮೊದಲ ದಿನಗಳಲ್ಲಿ, ತಾಯಿಯ ಮೇಲೆ ಭರವಸೆಯಿದ್ದ ಮಕ್ಕಳಲ್ಲಿ ಅದು ಕಡಿಮೆಯಿತ್ತು. ತಾಯಿ ಬಿಟ್ಟುಹೋಗಲು ಶುರುಮಾಡಿದಾಗ ಆ ಮಕ್ಕಳಲ್ಲೂ ಏರಿತು. ಅಂದರೆ ಅಳು ತಾಯಿಯ ತಪ್ಪಿನ ಗುರುತಲ್ಲ. ಹೊಸಬರನ್ನು ಮೊದಲ ಮೂರು ನಾಲ್ಕು ದಿನ ಮಗುವಿನ ಜೊತೆ ಒಳಗೇ ಕೂರಿಸಿಕೊಳ್ಳುವುದನ್ನು ನಾವು ರೂಢಿ ಮಾಡಿಕೊಂಡಿದ್ದೂ ಇದಕ್ಕೇ.

ನಾನು ಗಮನಿಸುವುದು ಅಳು ಎಷ್ಟು ಹೊತ್ತು ಎನ್ನುವುದಕ್ಕಿಂತ, ಅಳುವಾಗ ಮಗು ಯಾರನ್ನಾದರೂ ಹಿಡಿದುಕೊಳ್ಳುತ್ತದೆಯೇ ಎನ್ನುವುದನ್ನು. ಮೂರ್ನಾಲ್ಕು ವಾರವಾದರೂ ಯಾರ ಹತ್ತಿರವೂ ಹೋಗದೆ, ಊಟ ಆಟ ಎರಡೂ ಬಿಟ್ಟು ಮೂಲೆಯಲ್ಲಿ ಕೂತಿರುವ ಮಗುವಿಗೆ ಬೇರೆ ಏನೋ ಬೇಕಾಗಿದೆ. ಅಂಥ ಮಗು ಸದ್ದಿಲ್ಲದೆ ಕೂತಿರಬಹುದು, ಅದೇ ಅಪಾಯ. ಆಗ ಮನೆಯವರನ್ನು ಕೂರಿಸಿಕೊಂಡು ಮಾತಾಡಬೇಕು, ಮಕ್ಕಳ ಡಾಕ್ಟರಿಗೂ ತೋರಿಸಬೇಕು.

ಈ ಹುಡುಗಿಯ ಅಳು ಎರಡು ವಾರದಲ್ಲಿ ಐದು ನಿಮಿಷಕ್ಕೆ ಇಳಿಯಿತು. ದಸರಾ ರಜೆ ಮುಗಿಸಿ ಬಂದ ದಿನ ಮತ್ತೆ ಜೋರಾಗಿ ಅತ್ತಳು. ತಾಯಿ ಗಾಬರಿಯಾದರು. ಆದರೆ ಈ ಸಲ ಅಳುತ್ತಲೇ ತಾನಾಗಿ ನಮ್ಮ ಡೇಕೇರ್‌ನ ಆಯಮ್ಮನ ಕಡೆ ಎರಡೂ ಕೈ ಚಾಚಿದಳು.